‘ತಗೋತೀವಿ’ ಅಂದವರು ಎಷ್ಟು, ತಗೊಂಡವರು ಎಷ್ಟು?

ಸಣ್ಣ ಉದ್ದಿಮೆ ಆರಂಭಿಸಲು ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಮಾರುಕಟ್ಟೆಯ ಅಧ್ಯಾಯ ಬಂದ ಕೂಡಲೇ ಒಂದು ವಾಕ್ಯ ಎದುರಾಗುತ್ತದೆ: ‘ನಾವು 28 ಗ್ರಾಹಕರನ್ನು ಸಂದರ್ಶಿಸಿದ್ದೇವೆ. ಅವರಲ್ಲಿ ಶೇ 90ರಷ್ಟು ಜನ ನಮ್ಮ ಉತ್ಪನ್ನದ ಬಗ್ಗೆ ತೀವ್ರ ಆಸಕ್ತಿ ತೋರಿಸಿದ್ದಾರೆ.’ ಬರೆದವರು ಸುಳ್ಳು ಹೇಳಿರುವುದಿಲ್ಲ. ಬಿಸಿಲಲ್ಲಿ ಅಲೆದು ಅಷ್ಟೂ ಜನರನ್ನು ಮಾತನಾಡಿಸಿರುತ್ತಾರೆ. ಆದರೂ ಸಾಲ ಮಂಜೂರು ಮಾಡುವ ಅಧಿಕಾರಿ ಆ ವಾಕ್ಯವನ್ನು ಓದಿ ಮುಂದಕ್ಕೆ ಹೋಗುತ್ತಾರೆ, ಅದಕ್ಕೆ ಯಾವ ತೂಕವನ್ನೂ ಕೊಡುವುದಿಲ್ಲ.

ಅದಕ್ಕೆ ಕಾರಣವಿದೆ. ಆ 28 ಜನ ಯಾರು, ಅವರು ಹೇಗೆ ಸಿಕ್ಕರು, ಅವರನ್ನು ಏನು ಕೇಳಲಾಯಿತು, ‘ಆಸಕ್ತಿ’ ಎಂದರೆ ಅವರು ನಿಜವಾಗಿ ಮಾಡಿದ್ದೇನು ಎಂಬುದು ಯಾವುದೂ ಆ ವಾಕ್ಯದಲ್ಲಿ ಇಲ್ಲ. ಪರಿಶೀಲಿಸಲು ಬಾರದ ಮಾತು ಎಷ್ಟೇ ನಿಜವಾಗಿದ್ದರೂ ಪುರಾವೆ ಆಗುವುದಿಲ್ಲ. ಸಂದರ್ಶನಗಳ ಸಾರಾಂಶ ಬರೆಯುವಾಗ ಮಾಡಬೇಕಾದ ಕೆಲಸ ಇಷ್ಟೇ: ಓದುವವರು ನಮ್ಮನ್ನು ನಂಬಲಿ ಎಂದು ಕೇಳಿಕೊಳ್ಳುವ ಬದಲು, ಅವರೇ ಲೆಕ್ಕ ಹಾಕಿ ನೋಡುವಂತೆ ಬರೆಯಬೇಕು.

ಗ್ರಾಹಕರ ಬಳಿಗೇ ಹೋಗಿ ಕೇಳುವ ಈ ಕ್ರಮಕ್ಕೆ ‘ಕಸ್ಟಮರ್ ಡಿಸ್ಕವರಿ’ ಎಂಬ ಹೆಸರು ಕೊಟ್ಟವರು ಅಮೆರಿಕದ ಉದ್ಯಮಿ, ಅಧ್ಯಾಪಕ ಸ್ಟೀವ್ ಬ್ಲ್ಯಾಂಕ್. ಕಚೇರಿಯೊಳಗೆ ಕೂತು ಮಾಡಿದ ಊಹೆಗಳನ್ನು ಹೊರಗೆ ಹೋಗಿ ಪರೀಕ್ಷಿಸಿ ಎಂಬುದು ಅವರ ಪಾಠದ ತಿರುಳು. 2011ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ‘ಐ-ಕೋರ್’ ಎಂಬ ತರಬೇತಿ ಶುರು ಮಾಡಿದಾಗ ಇದೇ ಕ್ರಮವನ್ನು ಅಳವಡಿಸಿಕೊಂಡು, ಪ್ರತಿ ತಂಡವೂ ಕೆಲವೇ ವಾರಗಳಲ್ಲಿ ಸುಮಾರು 100 ಜನರನ್ನು ಮಾತನಾಡಿಸಬೇಕೆಂಬ ಗುರಿ ಇಟ್ಟಿತು. ಈಗ ನಮ್ಮಲ್ಲೂ ಸ್ಟಾರ್ಟಪ್ ಅನುದಾನದ ಅರ್ಜಿಯಿಂದ ಹಿಡಿದು ಮಹಿಳಾ ಸಂಘದ ಸಾಲದ ಅರ್ಜಿಯವರೆಗೆ ‘ಬೇಡಿಕೆಗೆ ಪುರಾವೆ ಏನು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಂದರ್ಶನ ಮಾಡುವುದನ್ನು ಕಲಿಸುವವರು ಬೇಕಾದಷ್ಟಿದ್ದಾರೆ. ಮಾಡಿದ್ದನ್ನು ಯೋಜನೆಯೊಳಗೆ ಹೇಗೆ ಬರೆಯಬೇಕೆಂದು ಹೇಳಿಕೊಡುವವರು ಕಡಿಮೆ.

ಒಂದು ರೊಟ್ಟಿ ಘಟಕದ ಲೆಕ್ಕ

ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಳ್ಳೋಣ. ಧಾರವಾಡದ ಒಂದು ಮಹಿಳಾ ಸ್ವಸಹಾಯ ಸಂಘ ಜೋಳದ ರೊಟ್ಟಿಯ ಘಟಕ ಆರಂಭಿಸಬೇಕೆಂದಿದೆ. ಹಿಟ್ಟು ನಾದುವ ಯಂತ್ರ, ರೊಟ್ಟಿ ಮಾಡುವ ಯಂತ್ರ ಕೊಳ್ಳಲು ಸಾಲ ಬೇಕು. ಕಿರು ಆಹಾರ ಸಂಸ್ಕರಣಾ ಉದ್ಯಮಗಳಿಗಾಗಿ 2020ರಲ್ಲಿ ಬಂದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ಸಹಾಯಧನ ಉಂಟು. ಆದರೆ ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ. ಆದ್ದರಿಂದ ಪ್ರಾಜೆಕ್ಟ್ ರಿಪೋರ್ಟ್ ಬ್ಯಾಂಕಿನವರಿಗೆ ಒಪ್ಪಿಗೆಯಾಗಬೇಕು.

ಸಂಘದವರು ಹುಬ್ಬಳ್ಳಿ–ಧಾರವಾಡದಲ್ಲಿ 28 ಕಡೆ ಹೋಗಿ ಮಾತನಾಡುತ್ತಾರೆ: 14 ಖಾನಾವಳಿ, 8 ಪಿ.ಜಿ., 6 ಅಂಗಡಿ. ಅವರಲ್ಲಿ 25 ಜನ ಹೇಳುವುದು ಹೆಚ್ಚು ಕಡಿಮೆ ಒಂದೇ ಮಾತು: ‘ಛಲೋ ವಿಚಾರ ಐತ್ರಿ ಅಕ್ಕಾರ, ಶುರು ಮಾಡ್ರಿ. ನಾವೂ ನಿಮ್ಮ ಕಡೆನ ತಗೋತೀವಿ.’ ಇಪ್ಪತ್ತೆಂಟರಲ್ಲಿ ಇಪ್ಪತ್ತೈದು ಎಂದರೆ ಸುಮಾರು ಶೇ 90. ಆರಂಭದಲ್ಲಿ ಹೇಳಿದ ವಾಕ್ಯ ಹುಟ್ಟುವುದು ಹೀಗೆ. ದಿನಕ್ಕೆ 1,500 ರೊಟ್ಟಿ ಹೋಗುತ್ತದೆ ಎಂಬ ಅಂದಾಜೂ ಅದರ ಬೆನ್ನಿಗೇ ಬರುತ್ತದೆ.

ಆದರೆ ಮನೆಬಾಗಿಲಿಗೆ ಬಂದ ಹೆಣ್ಣುಮಕ್ಕಳ ಮುಖಕ್ಕೆ ಹೊಡೆದಂತೆ ‘ಬ್ಯಾಡ’ ಎನ್ನುವ ಸ್ವಭಾವ ನಮ್ಮ ಜನರದ್ದಲ್ಲ. ‘ಶುರು ಮಾಡ್ರಿ’ ಎಂಬುದು ಹಾರೈಕೆ. ಅದರಲ್ಲಿ ಸದ್ಭಾವನೆ ಇದೆ, ಖರೀದಿಯ ಮಾತು ಇಲ್ಲ. ಹಾರೈಕೆಯನ್ನು ಬೇಡಿಕೆ ಎಂದು ಬರೆದುಕೊಂಡರೆ ಯಂತ್ರ ಬಂದ ಮೇಲೆ ಕಂತು ಕಟ್ಟುವುದು ಕಷ್ಟವಾಗುತ್ತದೆ. ಹಾಗಾಗಿ ಸಾರಾಂಶದ ಕೆಲಸ ಶುರುವಾಗುವುದೇ ಹಾರೈಕೆಯನ್ನು ಬೇರ್ಪಡಿಸುವುದರಿಂದ.

ಕೇಳಿದ್ದೇನು ಎಂಬುದೂ ಪುರಾವೆಯ ಭಾಗ

‘ನಾವು ರೊಟ್ಟಿ ಕೊಟ್ಟರೆ ತಗೋತೀರಾ?’ ಎಂದು ಕೇಳಿದರೆ ಬರುವ ಉತ್ತರ ಭವಿಷ್ಯದ ಊಹೆ. ‘ಅಣ್ಣಾರ, ನಿನ್ನೆ ಎಷ್ಟು ರೊಟ್ಟಿ ತರಿಸಿದ್ರಿ? ಯಾರ ಕಡೆಯಿಂದ? ಒಂದಕ್ಕ ಎಷ್ಟು ಕೊಟ್ರಿ? ಕಡೀಗೆ ರೊಟ್ಟಿ ಕಡಿಮಿ ಬಿದ್ದದ್ದು ಯಾವತ್ತು, ಅವತ್ತು ಏನು ಮಾಡಿದ್ರಿ?’ ಎಂದು ಕೇಳಿದರೆ ಬರುವುದು ನಡೆದ ಸಂಗತಿ. ಊಹೆ ಹೇಳಲು ಖರ್ಚಿಲ್ಲ. ನಡೆದ ಸಂಗತಿಗೆ ದಿನ, ಹಣ, ತೊಂದರೆ ಎಲ್ಲವೂ ಅಂಟಿಕೊಂಡಿರುತ್ತವೆ. ಲೇಖಕ ರಾಬ್ ಫಿಟ್ಜ್‌ಪ್ಯಾಟ್ರಿಕ್ 2013ರಲ್ಲಿ ಬರೆದ ‘ದಿ ಮಾಮ್ ಟೆಸ್ಟ್’ ಪುಸ್ತಕದ ಮುಖ್ಯ ಸಲಹೆಯೂ ಇದೇ. ನಿಮ್ಮ ಐಡಿಯಾ ಬಗ್ಗೆ ಅಭಿಪ್ರಾಯ ಕೇಳಬೇಡಿ, ಅವರ ಬದುಕಿನಲ್ಲಿ ಈಗಾಗಲೇ ನಡೆದದ್ದನ್ನು ಕೇಳಿ ಎನ್ನುತ್ತಾರೆ ಅವರು.

ಸಾರಾಂಶದಲ್ಲಿ ಕೇಳಿದ ಮುಖ್ಯ ಪ್ರಶ್ನೆಗಳನ್ನು ಯಥಾವತ್ತಾಗಿ ಕೊಡಬೇಕು. ನಾಲ್ಕೈದು ಸಾಕು. ಪ್ರಶ್ನೆ ಕಂಡಾಗಲೇ ಉತ್ತರದ ಬೆಲೆ ಓದುವವರಿಗೆ ತಿಳಿಯುತ್ತದೆ. ಪ್ರಶ್ನೆಯನ್ನು ಬಚ್ಚಿಟ್ಟು ಉತ್ತರ ಮಾತ್ರ ಕೊಟ್ಟರೆ ಅನುಭವಸ್ಥ ಅಧಿಕಾರಿ ಅದು ‘ತಗೋತೀರಾ?’ ಎಂಬ ಪ್ರಶ್ನೆಯೇ ಇರಬೇಕೆಂದು ಅಂದುಕೊಳ್ಳುತ್ತಾರೆ.

ನಡೆದ ಸಂಗತಿ ಕೇಳಿದಾಗ ಸಿಗುವ ಉತ್ತರ ಹೇಗಿರುತ್ತದೆ ನೋಡಿ. ನಮ್ಮ ಉದಾಹರಣೆಯ ಒಬ್ಬ ಖಾನಾವಳಿ ಮಾಲೀಕರು ಹೇಳುತ್ತಾರೆ: ‘ಎಳ್ಳಮಾಸಿಗೆ ಆಕಿ ಹೊಲಕ್ಕ ಹೋದ್ಲು, ಒಂದು ಮಾತು ಮೊದಲ ಹೇಳಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕ ನಾನ ಗಾಡಿ ತಗೊಂಡು ಮೂರು ಕಡೆ ಅಡ್ಡಾಡಿ 60 ರೊಟ್ಟಿ ತಂದೆ. ಒಂದಕ್ಕ 11 ರೂಪಾಯಿ ಕೊಟ್ಟೀನ್ರಿ. ದಿನಾ ಕೊಡೂದು 8.’

ಈ ನಾಲ್ಕು ಸಾಲಿನಲ್ಲಿ ಎಷ್ಟು ವಿಷಯ ಇದೆ! ಅವರು ಹೊರಗಿನಿಂದ ರೊಟ್ಟಿ ಕೊಳ್ಳುತ್ತಾರೆ. ಒಂದಕ್ಕೆ 8 ರೂಪಾಯಿ ಕೊಡುತ್ತಾರೆ. ಒಬ್ಬಳೇ ಹೆಂಗಸಿನ ಮೇಲೆ ಅವಲಂಬಿಸಿದ್ದಾರೆ. ಅವಳು ಬಾರದ ದಿನ ಸ್ವತಃ ಓಡಾಡಿ ಮೂರು ರೂಪಾಯಿ ಹೆಚ್ಚು ಕೊಟ್ಟಿದ್ದಾರೆ. ಅವರಿಗೆ ಬೇಕಾದದ್ದು ಅಗ್ಗದ ರೊಟ್ಟಿ ಅಲ್ಲ, ತಪ್ಪದೆ ಬರುವ ರೊಟ್ಟಿ ಎಂಬುದು ಇದರಿಂದ ಗೊತ್ತಾಗುತ್ತದೆ. ಯೋಜನೆಯಲ್ಲಿ ಇಂಥ ಮಾತನ್ನು ಅವರ ಭಾಷೆಯಲ್ಲೇ ಕೊಡಬೇಕು. ‘ಪೂರೈಕೆಯ ಅನಿಶ್ಚಿತತೆ ಗ್ರಾಹಕರ ಪ್ರಮುಖ ಸಮಸ್ಯೆಯಾಗಿದೆ’ ಎಂದು ತಿದ್ದಿ ಬರೆದರೆ ದಿನವೂ ಹೋಯಿತು, ಬೆಲೆಯೂ ಹೋಯಿತು.

ಮಾತು ಯಥಾವತ್ತಾಗಿ ಉಳಿಯಬೇಕಾದರೆ ಇಬ್ಬರು ಹೋಗುವುದು ಲೇಸು. ಒಬ್ಬರು ಕೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಮೊದಲು ‘ಬರಕೋಬಹುದೇನ್ರಿ?’ ಎಂದು ಕೇಳಿ ಒಪ್ಪಿಗೆ ಪಡೆಯಬೇಕು. ಅದೇ ದಿನ ಸಂಜೆ ಕೂತು, ಅವರು ಹೇಳಿದ್ದನ್ನು ಒಂದು ಕಡೆ, ನಮಗೆ ಅನಿಸಿದ್ದನ್ನು ಇನ್ನೊಂದು ಕಡೆ ಬರೆದಿಡಬೇಕು. ವಾರ ಕಳೆದ ಮೇಲೆ ನೆನಪಿನಿಂದ ಬರೆದರೆ ನಮಗೆ ಇಷ್ಟವಾದ ಉತ್ತರಗಳೇ ಹೆಚ್ಚು ನೆನಪಿಗೆ ಬರುತ್ತವೆ.

ಎಲ್ಲರನ್ನೂ ಒಂದೇ ರಾಶಿಗೆ ಹಾಕಬೇಡಿ

ಇಪ್ಪತ್ತೆಂಟು ಜನರನ್ನು ಒಟ್ಟಿಗೆ ಎಣಿಸುವುದು ಎರಡನೆಯ ದೊಡ್ಡ ದೋಷ. ಮೂರು ಗುಂಪುಗಳನ್ನು ಬೇರೆ ಮಾಡಿ ನೋಡಿದರೆ ಚಿತ್ರವೇ ಬದಲಾಗುತ್ತದೆ.

ಎಂಟು ಪಿ.ಜಿ.ಗಳಲ್ಲಿ ಐದರಲ್ಲಿ ದಿನವೂ ಚಪಾತಿಯೇ ಊಟ. ಉಳಿದ ಮೂರರಲ್ಲಿ ರೊಟ್ಟಿ ಇದೆ, ಆದರೆ ಖರೀದಿಯ ತೀರ್ಮಾನ ಮಾತನಾಡಿದ ಮ್ಯಾನೇಜರ್ ಕೈಯಲ್ಲಿಲ್ಲ. ಅಡುಗೆಯ ಗುತ್ತಿಗೆದಾರ ಬೇರೆಯೇ ಇದ್ದಾನೆ, ಅವನು 6 ರೂಪಾಯಿ ದಾಟುವುದಿಲ್ಲ. ಅಂದರೆ ಸಂಘದವರು ತಿನ್ನುವವರ ಪರವಾಗಿ ಮಾತನಾಡುವವರನ್ನು ಕೇಳಿದ್ದಾರೆ, ಹಣ ಕೊಡುವವರನ್ನು ಕೇಳಿಲ್ಲ. ಆರು ಅಂಗಡಿಯವರಿಗೆ ಬೇಕಾದದ್ದು ಬಿಸಿ ರೊಟ್ಟಿಯಲ್ಲ, ಕಟಕ್ ರೊಟ್ಟಿ. ಅದೂ ಎಫ್‌ಎಸ್‌ಎಸ್‌ಎಐ ನಂಬರ್ ಇರುವ ಪ್ಯಾಕೆಟ್‌ನಲ್ಲಿ, ತಿಂಗಳ ಉದ್ರಿಗೆ, ಉಳಿದದ್ದನ್ನು ವಾಪಸ್ ತಗೊಳ್ಳುವ ಷರತ್ತಿನ ಮೇಲೆ. ಅದು ಬೇರೆಯೇ ವ್ಯಾಪಾರ, ಅದಕ್ಕೆ ಬೇರೆಯೇ ಬಂಡವಾಳ ಬೇಕು.

ಹೀಗೆ 28ರಲ್ಲಿ 14 ಕಡೆಗಳು ಮೊದಲ ವರ್ಷದ ಲೆಕ್ಕದಿಂದ ಹೊರಗೆ ಹೋಗುತ್ತವೆ. ಇದು ನಷ್ಟವಲ್ಲ. ಯೋಜನೆಯಲ್ಲಿ ‘ಪಿ.ಜಿ.ಗಳಿಗೆ ಮತ್ತು ಅಂಗಡಿಗಳಿಗೆ ಮೊದಲ ವರ್ಷ ಮಾರುವುದಿಲ್ಲ, ಕಾರಣ ಇದು’ ಎಂದು ಬರೆದರೆ ಓದುವವರಿಗೆ ಸಂಘದವರು ಕೇಳಿದ್ದನ್ನು ನಿಜವಾಗಿ ಕೇಳಿಸಿಕೊಂಡಿದ್ದಾರೆ ಎಂಬ ಭರವಸೆ ಮೂಡುತ್ತದೆ. ಯಾರು ಕೊಳ್ಳುವುದಿಲ್ಲ ಎಂದು ಹೇಳಬಲ್ಲವರು ಯಾರು ಕೊಳ್ಳುತ್ತಾರೆ ಎಂದಾಗ ಮಾತಿಗೆ ಬೆಲೆ ಬರುತ್ತದೆ.

ಉಳಿದ 14 ಖಾನಾವಳಿಗಳಲ್ಲಿ ಐದರಲ್ಲಿ ಮಾಲೀಕರ ಮನೆಯವರೋ ಕೆಲಸದವರೋ ಅಲ್ಲೇ ರೊಟ್ಟಿ ಬಡಿಯುತ್ತಾರೆ. ಅವರಿಗೆ ಯಾವ ತೊಂದರೆಯೂ ಇಲ್ಲ. ಒಂಬತ್ತು ಖಾನಾವಳಿಗಳು ಹೊರಗಿನಿಂದ ತರಿಸುತ್ತವೆ. ಆ ಒಂಬತ್ತರಲ್ಲಿ ಏಳು ಜನ ಕಳೆದ ಒಂದು ತಿಂಗಳಲ್ಲಿ ರೊಟ್ಟಿ ಬಾರದೆ ಪರದಾಡಿದ ದಿನವನ್ನು ದಿನ ಸಮೇತ ಹೇಳಿದರು. ಇಬ್ಬರಿಗೆ ಅಂಥ ಅನುಭವ ಆಗಿಲ್ಲ.

ಶೇಕಡಾವಾರು ಯಾಕೆ ಬೇಡ

ಇಲ್ಲಿ ‘ಶೇ 64ರಷ್ಟು ಖಾನಾವಳಿಗಳು ಹೊರಗಿನಿಂದ ರೊಟ್ಟಿ ತರಿಸುತ್ತವೆ’ ಎಂದು ಬರೆಯುವ ಆಸೆಯಾಗುತ್ತದೆ. ಬರೆಯಬಾರದು. ‘ಮಾತನಾಡಿಸಿದ 14 ಖಾನಾವಳಿಗಳಲ್ಲಿ 9’ ಎಂದೇ ಬರೆಯಬೇಕು. ಶೇಕಡಾ ಎಂದ ಕೂಡಲೇ ಅದು ಇಡೀ ಊರಿಗೆ ಅನ್ವಯಿಸುವ ಸಂಖ್ಯೆಯಂತೆ ಕೇಳಿಸುತ್ತದೆ. ಊರಿನ ಎಲ್ಲ ಖಾನಾವಳಿಗಳ ಪಟ್ಟಿಯಿಂದ ಚೀಟಿ ಎತ್ತಿ 14 ಆರಿಸಿಕೊಂಡಿದ್ದರೂ, 14ರಲ್ಲಿ 9 ಎಂಬ ಫಲಿತಾಂಶದಿಂದ ಸಂಖ್ಯಾಶಾಸ್ತ್ರ ಹೇಳಬಲ್ಲದ್ದು ನಿಜವಾದ ಪ್ರಮಾಣ ಶೇ 39 ಮತ್ತು ಶೇ 84ರ ನಡುವೆ ಎಲ್ಲೋ ಇರಬಹುದು ಎಂದಷ್ಟೇ. ನಾವಂತೂ ಚೀಟಿ ಎತ್ತಿಲ್ಲ, ಸಿಕ್ಕವರನ್ನು ಮಾತನಾಡಿಸಿದ್ದೇವೆ.

ಹಾಗಾದರೆ ಹದಿನಾಲ್ಕು ಸಂದರ್ಶನಗಳಿಂದ ಏನು ಪ್ರಯೋಜನ? ಸಂದರ್ಶನಗಳು ಬೇಡಿಕೆಯ ಗಾತ್ರ ಅಳೆಯುವ ಸಾಧನವಲ್ಲ, ಅದರ ಸ್ವರೂಪ ತೋರಿಸುವ ಸಾಧನ. ಯಾರಿಗೆ ಬೇಕು, ಯಾಕೆ ಬೇಕು, ಈಗ ಏನು ಮಾಡುತ್ತಿದ್ದಾರೆ, ಎಷ್ಟು ಕೊಡುತ್ತಿದ್ದಾರೆ ಎಂಬುದನ್ನು ಅವು ಚೆನ್ನಾಗಿ ಹೇಳುತ್ತವೆ. ಅದಕ್ಕೆ ಭಾರೀ ಸಂಖ್ಯೆ ಬೇಕಾಗಿಲ್ಲ. ಗ್ರೆಗ್ ಗೆಸ್ಟ್ ಮತ್ತು ಸಂಗಡಿಗರು ಘಾನಾ, ನೈಜೀರಿಯಾಗಳಲ್ಲಿ ಮಹಿಳೆಯರೊಂದಿಗೆ ನಡೆದಿದ್ದ 60 ಸಂದರ್ಶನಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ್ಯ ವಿಷಯಗಳೆಲ್ಲ ಮೊದಲ 12 ಸಂದರ್ಶನಗಳಲ್ಲೇ ಬಹುಪಾಲು ಬಂದುಬಿಟ್ಟಿದ್ದವು. ಆದರೆ ಅವರೆಲ್ಲ ಒಂದೇ ಬಗೆಯ ಹಿನ್ನೆಲೆಯವರು. ಮೂರು ಬಗೆಯ ಗ್ರಾಹಕರಿದ್ದರೆ ಪ್ರತಿ ಗುಂಪಿಗೂ ಅಷ್ಟಷ್ಟು ಬೇಕು.

ಸಾಕು ಎಂದು ಯಾವಾಗ ತಿಳಿಯುತ್ತದೆ? ಪ್ರತಿ ಸಂದರ್ಶನದಲ್ಲಿ ಹೊಸದಾಗಿ ಗೊತ್ತಾದದ್ದು ಏನು ಎಂದು ಒಂದು ಸಾಲು ಬರೆದುಕೊಳ್ಳುತ್ತಾ ಹೋಗಿ. ನಮ್ಮ ಉದಾಹರಣೆಯಲ್ಲಿ ಹನ್ನೊಂದನೆಯ ಖಾನಾವಳಿಯ ನಂತರ ಆ ಸಾಲು ಖಾಲಿ ಉಳಿಯಿತು ಎಂದುಕೊಳ್ಳೋಣ. ‘ಕೊನೆಯ ಮೂರು ಸಂದರ್ಶನಗಳಲ್ಲಿ ಹೊಸ ಸಂಗತಿ ಬರಲಿಲ್ಲ’ ಎಂದು ಯೋಜನೆಯಲ್ಲಿ ಹೇಳಿದರೆ ಇನ್ನೂ ಯಾಕೆ ಕೇಳಲಿಲ್ಲ ಎಂಬ ಪ್ರಶ್ನೆಗೆ ಅದೇ ಉತ್ತರ. ಜೊತೆಗೆ ಜನ ಹೇಗೆ ಸಿಕ್ಕರೆಂದೂ ಹೇಳಬೇಕು: ಹದಿನಾಲ್ಕರಲ್ಲಿ ಮೂವರು ಸಂಘದ ಸದಸ್ಯರಿಗೆ ಪರಿಚಿತರು, ಹನ್ನೊಂದು ಜನ ಎರಡು ರಸ್ತೆಗಳಲ್ಲಿ ಸಾಲಾಗಿ ನಡೆದು ಹೋಗಿ ಭೇಟಿಯಾದವರು. ಪರಿಚಿತರು ಇರುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು.

ಹೇಳಿದ್ದನ್ನು ವಹಿ ನೋಡಿ ತಾಳೆ ಹಾಕುವುದು

ಜನ ಸುಳ್ಳು ಹೇಳುವುದಿಲ್ಲ, ಆದರೆ ಚೆನ್ನಾಗಿ ವ್ಯಾಪಾರವಾದ ದಿನವನ್ನೇ ‘ದಿನಾ’ ಎಂದುಕೊಂಡು ಹೇಳುತ್ತಾರೆ. ಒಂಬತ್ತು ಖಾನಾವಳಿಗಳವರು ಹೇಳಿದ ದಿನದ ಖರೀದಿ ಕೂಡಿಸಿದರೆ 2,600 ರೊಟ್ಟಿ ಆಗುತ್ತದೆ. ಇದನ್ನು ಹಾಗೆಯೇ ಯೋಜನೆಗೆ ಹಾಕಿದರೆ ಅದೂ ಬರೀ ಮಾತೇ. ಸಂಘದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ರೊಟ್ಟಿಯವಳಿಗೆ ಹಣ ಕೊಟ್ಟ ವಹಿ ತೋರಿಸುತ್ತೀರಾ ಎಂದು ಕೇಳಿದರು. ಐದು ಜನ ತೋರಿಸಿದರು. ಆ ಐವರು ಬಾಯಲ್ಲಿ ಹೇಳಿದ್ದು 1,400, ವಹಿಯಲ್ಲಿ ಇದ್ದ ಸರಾಸರಿ 1,050. ಅಂದರೆ ಹೇಳಿದ್ದರ ಮುಕ್ಕಾಲು ಪಾಲು.

ವಹಿ ತೋರಿಸದ ನಾಲ್ವರು ಹೇಳಿದ್ದು 1,200. ಅದಕ್ಕೂ ಅದೇ ಮುಕ್ಕಾಲು ಹಚ್ಚಿದರೆ 900. ಒಟ್ಟು 1,950. ಯೋಜನೆಗೆ ಹೋಗಬೇಕಾದ ಸಂಖ್ಯೆ ಇದು. ಜೊತೆಗೆ 2,600 ಎಂಬುದು ಹೇಗೆ 1,950 ಆಯಿತು ಎಂಬ ದಾರಿಯೂ ಹೋಗಬೇಕು. ಅಧಿಕಾರಿಗೆ ಸಂಶಯ ಬಂದರೆ ಅವರೇ ಅರ್ಧಕ್ಕೆ ಇಳಿಸಿ ಲೆಕ್ಕ ಹಾಕಿಕೊಳ್ಳಬಹುದು. ವಹಿ ಯಾರೂ ತೋರಿಸದಿದ್ದರೆ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಮೂಲೆಯಲ್ಲಿ ಕೂತು ತಾಟು ಎಣಿಸಬಹುದು. ಸಂದರ್ಶನದ ಹೊರಗಿನ ಯಾವುದಾದರೂ ಒಂದು ಅಳತೆ ಬೇಕು, ಅಷ್ಟೇ.

ಮಾತಿನಿಂದ ಮುಂಗಡದವರೆಗೆ

ಬೇಡಿಕೆಯ ಪುರಾವೆಗೆ ಮೆಟ್ಟಿಲುಗಳಿವೆ. ಎಲ್ಲಕ್ಕಿಂತ ಕೆಳಗಿನದು ಹೊಗಳಿಕೆ. ಅದರ ಮೇಲೆ, ಈಗಾಗಲೇ ಆ ಅಗತ್ಯಕ್ಕಾಗಿ ಹಣ ಖರ್ಚು ಮಾಡುತ್ತಿರುವುದು. ಅದರ ಮೇಲೆ, ಈಗಿನ ವ್ಯವಸ್ಥೆಯಿಂದ ಆದ ತೊಂದರೆಯನ್ನು ದಿನ ಸಮೇತ ಹೇಳಬಲ್ಲದ್ದು. ಅದರ ಮೇಲೆ, ಹಣ ಕೊಟ್ಟು ಮಾದರಿ ಕೊಂಡದ್ದು. ಎಲ್ಲಕ್ಕಿಂತ ಮೇಲಿನದು ಮುಂಗಡ ಕೊಟ್ಟದ್ದು. ಯೋಜನೆಯಲ್ಲಿ ಪ್ರತಿ ಮೆಟ್ಟಿಲಿನಲ್ಲಿ ಎಷ್ಟು ಜನ ನಿಂತಿದ್ದಾರೆಂದು ಬರೆದರೆ ಓದುವವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಸಂಘದವರು ಸಾಲಕ್ಕೆ ಮೊದಲೇ, ಮನೆಯ ಒಲೆಗಳ ಮೇಲೆಯೇ ಕೈಯಿಂದ ರೊಟ್ಟಿ ಬಡಿದು, ಒಂದು ವಾರ 8 ರೂಪಾಯಿಯಂತೆ ಕೊಡುತ್ತೇವೆ, ಪುಕ್ಕಟೆ ಅಲ್ಲ ಎಂದು ಹೇಳಿ ನೋಡಿದರು. ಐವರು ಒಪ್ಪಿದರು. ಅದರಲ್ಲಿ ಮೂವರು ನಿಜವಾಗಿ ತಗೊಂಡರು: ದಿನಕ್ಕೆ 150, 120 ಮತ್ತು 80, ಒಟ್ಟು 350. ವಾರ ಮುಗಿದ ಮೇಲೆ ಆ ಮೂವರಲ್ಲಿ ಇಬ್ಬರು ಮುಂದಿನ ತಿಂಗಳಿಗೆ ತಲಾ 2,000 ರೂಪಾಯಿ ಮುಂಗಡ ಕೊಟ್ಟರು. ಮೂರನೆಯವರು ದಿನದ ನಗದಿನ ಮೇಲೆ ಮುಂದುವರಿಸಿದರು.

‘ಶುರು ಮಾಡ್ರಿ’ ಎಂದವರು 25. ಹಣ ಕೊಟ್ಟವರು 3. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಬರೆಯಲು ಧೈರ್ಯ ಬೇಕು. ಆದರೆ ಸಾಲ ಕೊಡುವವರ ಕಣ್ಣಿಗೆ ಹಾರೈಸಿದ ಆ 25 ಜನರಿಗಿಂತ ಹಣ ಕೊಟ್ಟ ಮೂವರೇ ದೊಡ್ಡವರು. ಖರೀದಿ ಮಾಡುವ ಇರಾದೆ ಇದೆ ಎಂಬ ಸಹಿ ಮಾಡಿದ ಪತ್ರ ಸಿಕ್ಕರೆ ಅದನ್ನೂ ಲಗತ್ತಿಸಬಹುದು. ಆದರೆ ಅದರಲ್ಲಿ ಪ್ರಮಾಣ, ದರ, ಆರಂಭದ ದಿನಾಂಕ ಮೂರೂ ಇರಬೇಕು. ‘ಈ ಸಂಘಕ್ಕೆ ನಮ್ಮ ಬೆಂಬಲವಿದೆ’ ಎಂಬ ಪತ್ರ ಮತ್ತೆ ಹಾರೈಕೆಯ ಮೆಟ್ಟಿಲಿಗೇ ಇಳಿಯುತ್ತದೆ.

ಸಂದರ್ಶನವನ್ನು ಹಣಕಾಸಿನ ಪುಟಕ್ಕೆ ಜೋಡಿಸುವುದು

ಬಹಳ ಯೋಜನೆಗಳಲ್ಲಿ ಮಾರುಕಟ್ಟೆ ಅಧ್ಯಾಯ ಒಂದು ಕಥೆ ಹೇಳುತ್ತದೆ, ಹಣಕಾಸಿನ ಪಟ್ಟಿ ಇನ್ನೊಂದು. ಎರಡಕ್ಕೂ ನಡುವೆ ಸೇತುವೆ ಇರುವುದಿಲ್ಲ. ಸಂದರ್ಶನದ ಸಾರಾಂಶ ಪುರಾವೆಯಾಗಿ ಕೆಲಸ ಮಾಡುವುದು ಮಾರಾಟದ ಅಂದಾಜಿನ ಪ್ರತಿ ಸಂಖ್ಯೆಯೂ ಅದಕ್ಕೆ ಹಿಂತಿರುಗಿ ಬೆರಳು ತೋರಿಸಿದಾಗ.

ನಮ್ಮ ಘಟಕದಲ್ಲಿ ಒಂದು ರೊಟ್ಟಿಯ ಮಾರಾಟ ದರ 8 ರೂಪಾಯಿ. ಹಿಟ್ಟು, ಗ್ಯಾಸ್, ಸಾಗಣೆ ಸೇರಿ ಒಂದಕ್ಕೆ 5 ರೂಪಾಯಿ ಖರ್ಚು. ಉಳಿಯುವುದು 3. ಕೂಲಿ, ಬಾಡಿಗೆ, ಸಾಲದ ಕಂತು, ಕರೆಂಟು ಸೇರಿ ತಿಂಗಳಿಗೆ 36,000 ರೂಪಾಯಿ ಬೇಕು. ತಿಂಗಳಿಗೆ 26 ದಿನ ಕೆಲಸವೆಂದರೆ ದಿನಕ್ಕೆ ಸುಮಾರು 1,385 ರೂಪಾಯಿ. ಅದನ್ನು 3ರಿಂದ ಭಾಗಿಸಿದರೆ ದಿನಕ್ಕೆ 462 ರೊಟ್ಟಿ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಕೈಯಲ್ಲಿರುವುದು 350. ಕೊರತೆ 112. ಈಗ ಸಂದರ್ಶನದ ಕಡೆ ತಿರುಗಿ: ಒಂಬತ್ತು ಖಾನಾವಳಿಗಳ ಖರೀದಿ 1,950, ಅದರಲ್ಲಿ ನಮಗೆ ಬಂದದ್ದು 350, ಉಳಿದದ್ದು 1,600. ಆ 1,600ರಲ್ಲಿ 112 ಎಂದರೆ ಹದಿನಾಲ್ಕರಲ್ಲಿ ಒಂದು ಪಾಲು. ‘ದಿನಕ್ಕೆ 1,500 ರೊಟ್ಟಿ ಮಾರುತ್ತೇವೆ’ ಎಂಬ ಮೊದಲಿನ ಘೋಷಣೆಗೆ ಬದಲಾಗಿ ಯೋಜನೆ ಈಗ ಹೀಗೆ ಹೇಳುತ್ತದೆ: ‘ಮೊದಲ ಆರು ತಿಂಗಳು ದಿನಕ್ಕೆ 500 ರೊಟ್ಟಿಯ ಗುರಿ. ಅದರಲ್ಲಿ 350ಕ್ಕೆ ಹಣ ಕೊಟ್ಟು ಕೊಳ್ಳುವ ಗ್ರಾಹಕರು ಇದ್ದಾರೆ. ಉಳಿದದ್ದು ನಾವು ಈಗಾಗಲೇ ಮಾತನಾಡಿಸಿದ ಖಾನಾವಳಿಗಳಿಂದಲೇ ಬರಬೇಕು.’ ಗುರಿ ಮೂರನೇ ಒಂದು ಪಾಲಿಗೆ ಇಳಿಯಿತು. ಅದರಿಂದ ಕೊಳ್ಳಬೇಕಾದ ಯಂತ್ರವೂ ಚಿಕ್ಕದಾಗಬಹುದು, ಸಾಲವೂ ತಗ್ಗಬಹುದು.

ವಿರುದ್ಧ ಸಾಕ್ಷ್ಯವನ್ನು ಮೊದಲೇ ಹೇಳುವುದು

ಎಳ್ಳಮಾಸಿಯ ಮಾತನ್ನು ಇನ್ನೊಮ್ಮೆ ಓದಿ. ರೊಟ್ಟಿ ತಪ್ಪುವುದು ಹಬ್ಬ, ಜಾತ್ರೆ, ಸುಗ್ಗಿಯ ದಿನಗಳಲ್ಲಿ. ಆ ದಿನ ರೊಟ್ಟಿಯವಳು ಯಾಕೆ ಬರಲಿಲ್ಲವೋ ಅದೇ ಕಾರಣಕ್ಕೆ ಸಂಘದ ಹೆಣ್ಣುಮಕ್ಕಳೂ ಕೆಲಸಕ್ಕೆ ಬಾರದಿರಬಹುದು. ಯಾವ ತೊಂದರೆಯನ್ನು ಬಗೆಹರಿಸುತ್ತೇವೆಂದು ಹೊರಟಿದ್ದಾರೋ ಅದೇ ತೊಂದರೆ ಅವರ ಮನೆಯಲ್ಲೂ ಇದೆ. ಚಂದದ ಮಾತುಗಳನ್ನಷ್ಟೇ ಆರಿಸಿಕೊಂಡವರಿಗೆ ಇದು ಕಾಣುವುದೇ ಇಲ್ಲ. ಕಂಡವರು ಯೋಜನೆಯಲ್ಲಿ ಬರೆಯುತ್ತಾರೆ: ಹಬ್ಬದ ದಿನಗಳಿಗೆ ಸರದಿ ಪಟ್ಟಿ ಏನು, ಆ ದಿನದ ಹೆಚ್ಚುವರಿ ಕೂಲಿ ಎಷ್ಟು, ಅದು 36,000ದೊಳಗೆ ಸೇರಿದೆಯೋ ಇಲ್ಲವೋ.

ಮಾದರಿಗೆ ಒಪ್ಪಿ ಕೊನೆಗೆ ತಗೊಳ್ಳದ ಇಬ್ಬರ ವಿಷಯವೂ ಬರಬೇಕು. ಒಬ್ಬರು ಹೇಳಿದ್ದು: ‘ರೊಟ್ಟಿ ಛಲೋ ಐತಿ, ಆದ್ರ ನೀವು ಒಂದು ಗಂಟೆಗೆ ತರ್ತೀರಿ. ನಮಗ ಹನ್ನೆರಡೂವರಿಗೆ ಬೇಕ್ರಿ.’ ಇನ್ನೊಬ್ಬರು ಹಳೆಯ ರೊಟ್ಟಿಯವಳಿಗೆ 5,000 ರೂಪಾಯಿ ಮುಂಗಡ ಕೊಟ್ಟಿದ್ದಾರೆ, ಅದು ತೀರುವವರೆಗೆ ಬಿಡುವಂತಿಲ್ಲ. ಮೊದಲನೆಯದು ಸಾಗಣೆಯ ಸಮಯ ಬದಲಿಸಿದರೆ ಸರಿಹೋಗುವ ವಿಷಯ, ಎರಡನೆಯದು ಕಾಯಬೇಕಾದ ವಿಷಯ. ಎರಡೂ ಯೋಜನೆಗೆ ಉಪಯುಕ್ತ.

ಒಂದು ಪುಟದಲ್ಲಿ ಬರೆಯುವುದು ಹೇಗೆ

ಇಷ್ಟೆಲ್ಲ ಮಾಡಿದ ಮೇಲೆ ಮಾರುಕಟ್ಟೆ ಅಧ್ಯಾಯದಲ್ಲಿ ಸಾರಾಂಶಕ್ಕೆ ಒಂದು ಪುಟ ಸಾಕು. ಪ್ರತಿ ಸಂದರ್ಶನಕ್ಕೂ ಒಂದು ಸಾಲಿನಂತೆ ಪಟ್ಟಿಯನ್ನು ಅನುಬಂಧಕ್ಕೆ ಹಾಕಬೇಕು: ದಿನಾಂಕ, ಯಾವ ಬಗೆಯ ಗ್ರಾಹಕ, ಯಾವ ಬಡಾವಣೆ, ಪರಿಚಿತರೋ ಅಲ್ಲವೋ, ಈಗಿನ ಖರೀದಿ, ದರ, ತೊಂದರೆ, ಯಾವ ಮೆಟ್ಟಿಲಿನಲ್ಲಿದ್ದಾರೆ. ಹೆಸರಿನ ಬದಲು ‘ಖಾ-1’, ‘ಖಾ-2’ ಎಂಬ ಗುರುತು ಸಾಕು. ವಹಿ ತೋರಿಸಿದವರು ನಮ್ಮ ಮೇಲೆ ನಂಬಿಕೆ ಇಟ್ಟು ತೋರಿಸಿದ್ದಾರೆ. ಬ್ಯಾಂಕಿನವರು ಕೇಳಿದರೆ, ಆ ಮಾಲೀಕರ ಒಪ್ಪಿಗೆ ಪಡೆದು ಹೆಸರು ಕೊಡಬಹುದು.

ಮುಖ್ಯ ಪುಟದ ಮೊದಲ ಪ್ಯಾರಾ ಹೀಗಿರಬಹುದು:

‘ಜನವರಿಯಲ್ಲಿ ಹುಬ್ಬಳ್ಳಿ–ಧಾರವಾಡದ 14 ಖಾನಾವಳಿ, 8 ಪಿ.ಜಿ., 6 ಅಂಗಡಿಗಳವರನ್ನು ಭೇಟಿಯಾದೆವು. 14 ಖಾನಾವಳಿ ಮಾಲೀಕರಲ್ಲಿ 3 ಜನ ಪರಿಚಿತರು. ಪಿ.ಜಿ. ಮತ್ತು ಅಂಗಡಿಗಳು ಮೊದಲ ವರ್ಷದ ಗ್ರಾಹಕರಲ್ಲ. 14 ಖಾನಾವಳಿಗಳಲ್ಲಿ 9 ಹೊರಗಿನಿಂದ ರೊಟ್ಟಿ ಕೊಳ್ಳುತ್ತವೆ, 7 ಖಾನಾವಳಿಗಳಲ್ಲಿ ಕಳೆದ ತಿಂಗಳು ಪೂರೈಕೆ ತಪ್ಪಿದೆ, 3 ನಮ್ಮಿಂದ ಒಂದು ವಾರ ಹಣ ಕೊಟ್ಟು ಕೊಂಡಿವೆ, 2 ಮುಂಗಡ ಕೊಟ್ಟಿವೆ. ಒಂಬತ್ತರ ದಿನದ ಖರೀದಿ ನಮ್ಮ ಅಂದಾಜಿನಲ್ಲಿ 1,950, ಐದು ವಹಿಗಳ ಆಧಾರದ ಮೇಲೆ. ಇದು ಎರಡು ರಸ್ತೆಗಳ ಮಾಹಿತಿ, ಇಡೀ ಊರಿನದ್ದಲ್ಲ.’

ಕೊನೆಯ ವಾಕ್ಯವನ್ನು ಯಾರೂ ಕತ್ತರಿಸಬಾರದು. ತನ್ನ ಮಿತಿ ಹೇಳಿಕೊಂಡ ಸಾಕ್ಷ್ಯವನ್ನು ಅದರ ಮಿತಿಯೊಳಗೆ ಪೂರ್ತಿ ನಂಬಬಹುದು.

ಇದರ ಕೆಳಗೆ ಇನ್ನೊಂದು ಸಾಲು ಸೇರಿಸಬೇಕು, ಬಹಳ ಯೋಜನೆಗಳಲ್ಲಿ ಅದು ಇರುವುದೇ ಇಲ್ಲ: ನಮ್ಮ ಅಂದಾಜು ತಪ್ಪೆಂದು ನಮಗೆ ಹೇಗೆ ತಿಳಿಯುತ್ತದೆ? ಮುಂಗಡ ಕೊಟ್ಟ ಇಬ್ಬರು ಎರಡನೆಯ ತಿಂಗಳೂ ಮುಂದುವರಿಯದಿದ್ದರೆ, ಅಥವಾ ಮೂರು ತಿಂಗಳೊಳಗೆ ದಿನದ ಮಾರಾಟ 462 ಮುಟ್ಟದಿದ್ದರೆ, ಎರಡನೆಯ ಯಂತ್ರದ ಖರೀದಿ ನಿಲ್ಲಿಸಿ ಗ್ರಾಹಕರನ್ನು ಮತ್ತೆ ಭೇಟಿಯಾಗುತ್ತೇವೆ ಎಂದು ಬರೆಯಬೇಕು. ಹೀಗೆ ಬರೆದ ಮೇಲೆ ಸಾಲ ಕೊಡುವವರಿಗೂ ಪಡೆಯುವವರಿಗೂ ತಿಂಗಳು ತಿಂಗಳು ಕೂಡಿ ನೋಡಲು ಒಂದೇ ಲೆಕ್ಕ ಇರುತ್ತದೆ, ಕಂತು ತಪ್ಪುವ ಮೊದಲೇ ಮಾತನಾಡಲು ಅವಕಾಶವೂ ಇರುತ್ತದೆ.